ಎಂಟು ಮೂರಾದ ಬಗೆ

ಇಂಗ್ಲಿಷ್ ಪುಸ್ತಕದ ಒಂದು ಪುಟದ ಫೋಟೊ ತೆಗೆದು ಮೊಬೈಲಿಗೆ ಓದಲು ಕೊಟ್ಟರೆ, ಅದು ಮುನ್ನೂರು ಪದಗಳನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಬಿಡಿಸಿ ಮುಂದಿಡುತ್ತದೆ. ಅದೇ ಮೊಬೈಲಿಗೆ ಏಳೇ ಸಾಲಿನ ಒಂದು ಹಾಲಿನ ಚೀಟಿ ಕೊಟ್ಟು ನೋಡಿ. ಆರೂ ಚಿಲ್ಲರೆ ಲೀಟರು ಅರವತ್ತು ದಾಟುತ್ತದೆ, ಎಂಟು ಮೂರಾಗುತ್ತದೆ, ಸೊನ್ನೆ ಇರಬೇಕಾದಲ್ಲಿ O ಅಕ್ಷರ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52 ಆಕಾರಗಳನ್ನು ಗುರುತಿಸಬೇಕು. ಅಂಕಿಗಳಲ್ಲಿ ಇರುವುದು ಹತ್ತೇ ಹತ್ತು. ಹೆಚ್ಚು ಆಕಾರ ಇರುವಲ್ಲಿ ಯಂತ್ರ ಸಲೀಸಾಗಿ ಓದುತ್ತದೆ, ಕಡಿಮೆ ಇರುವಲ್ಲಿ ಎಡವುತ್ತದೆ. ಇದು ಹೇಗೆ?

ಮೈಕ್ರೋಸಾಫ್ಟ್ ಎಕ್ಸೆಲ್‌ನಲ್ಲಿ ಕೆಲಸ ಮಾಡುವವರಿಗೆ ಈ ಒಗಟು ಈಚಿನ ವರ್ಷಗಳಲ್ಲಿ ದಿನನಿತ್ಯದ್ದಾಗಿದೆ. ಕಾಗದದ ಮೇಲಿನ ಕೋಷ್ಟಕದ ಫೋಟೊ ತೆಗೆದು ನೇರವಾಗಿ ಸೆಲ್‌ಗಳಿಗೆ ತುಂಬಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2018ರಲ್ಲಿ ಪ್ರಕಟಿಸಿತು. 2019ರಲ್ಲಿ ಅದು ಆಂಡ್ರಾಯ್ಡ್ ಫೋನಿನ ಎಕ್ಸೆಲ್‌ಗೆ ಬಂತು, ಆಮೇಲೆ ಐಫೋನಿಗೂ ಕಂಪ್ಯೂಟರಿಗೂ ಹಬ್ಬಿತು. ವಿಂಡೋಸ್‌ನಲ್ಲಿ ಅದು ಇರುವುದು `Data` ಟ್ಯಾಬಿನ `From Picture` ಎಂಬಲ್ಲಿ. ಅದನ್ನು ಒತ್ತಿದರೆ ಎರಡು ದಾರಿಗಳು ಕಾಣುತ್ತವೆ. ಉಳಿಸಿಟ್ಟ ಫೋಟೊ ಇದ್ದರೆ `Picture From File`, ತೆರೆಯಿಂದ ಈಗಷ್ಟೇ ಕತ್ತರಿಸಿಕೊಂಡ ಚಿತ್ರವಾದರೆ `Picture From Clipboard`. ಒಂದಷ್ಟು ಕ್ಷಣ ಕಾದರೆ ಪಕ್ಕದಲ್ಲಿ ಪಟ್ಟಿಯೊಂದು ತೆರೆದು, ಯಂತ್ರ ಓದಿದ್ದನ್ನು ಕೋಷ್ಟಕವಾಗಿ ತೋರಿಸುತ್ತದೆ. ಅದರಲ್ಲಿ ಕೆಲವು ಸೆಲ್‌ಗಳು ನಸುಗೆಂಪಾಗಿರುತ್ತವೆ. `Review` ಒತ್ತಿದರೆ ಒಂದೊಂದಾಗಿ ಆ ಸೆಲ್‌ಗಳಿಗೆ ಹೋಗಬಹುದು. ತಿದ್ದಿ `Accept` ಮಾಡಿ, ಕೊನೆಗೆ `Insert Data` ಒತ್ತಿದರೆ ಎಲ್ಲವೂ ಶೀಟಿಗೆ ಇಳಿಯುತ್ತದೆ.

ಹೆಚ್ಚಿನವರು ನಿಲ್ಲಿಸುವುದು ಅಲ್ಲಿಗೇ. ಕೆಂಪಾದದ್ದನ್ನು ತಿದ್ದಾಯಿತು, ಇನ್ನುಳಿದದ್ದು ಸರಿ ಇರಲೇಬೇಕು ಎಂಬ ಲೆಕ್ಕ. ನಿಜವಾದ ಅಪಾಯ ಇರುವುದು ಆ ಕೆಂಪಾಗದ ಸೆಲ್‌ಗಳಲ್ಲಿ.

## ದೂರದ ಬಸ್ಸಿನ ಬೋರ್ಡು

ಬಸ್‌ಸ್ಟಾಪಿನಲ್ಲಿ ನಿಂತಿದ್ದೀರಿ. ದೂರದಲ್ಲಿ ಬಸ್ಸೊಂದು ಬರುತ್ತಿದೆ. ಬೋರ್ಡು ಮಸುಕು. ಮೊದಲ ಅಕ್ಷರ ‘ಶಿ’ ಇದ್ದಂತಿದೆ, ಕೊನೆಯಲ್ಲಿ ಒತ್ತಕ್ಷರದ ಬಾಲ ಕಾಣುತ್ತಿದೆ. ನಡುವಿನದು ಕಾಣದಿದ್ದರೂ ನೀವು ಚೀಲ ಎತ್ತಿಕೊಳ್ಳುತ್ತೀರಿ, ಏಕೆಂದರೆ ಅದು ಶಿವಮೊಗ್ಗವೇ. ಆ ದಾರಿಯಲ್ಲಿ ಹೋಗುವ ಊರುಗಳಲ್ಲಿ ಹಾಗೆ ಶುರುವಾಗಿ ಹಾಗೆ ಮುಗಿಯುವುದು ಬೇರೊಂದಿಲ್ಲ. ಆದರೆ ಬರುತ್ತಿರುವುದು ಸಿಟಿ ಬಸ್ಸಾಗಿದ್ದು, ನಿಮಗೆ ಬೇಕಾದದ್ದು 258 ಆಗಿದ್ದರೆ? ಕೊನೆಯ ಅಂಕಿ 8ಓ 3ಓ ಎಂದು ಊಹಿಸಲು ಮೊದಲಿನ 2 ಮತ್ತು 5 ಯಾವ ನೆರವನ್ನೂ ಕೊಡುವುದಿಲ್ಲ. 253 ಕೂಡ ಇರಬಹುದಾದ ನಂಬರೇ. ಬಸ್ಸು ಹತ್ತಿರ ಬರುವ ತನಕ ಕಾಯಬೇಕು.

ಓದುವುದೆಂದರೆ ಅರ್ಧ ನೋಡುವುದು, ಅರ್ಧ ಊಹಿಸುವುದು. ಈ ಊಹೆಯ ಪಾಲು ಎಷ್ಟು ದೊಡ್ಡದು ಎಂದು ಅಳೆದು ನೋಡಿದವರು ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್. 1951ರ ಪ್ರಬಂಧವೊಂದರಲ್ಲಿ ಅವರು ಒಂದು ಸರಳ ಪ್ರಯೋಗವನ್ನು ವಿವರಿಸುತ್ತಾರೆ. ಇಂಗ್ಲಿಷ್ ಬರಹವೊಂದನ್ನು ಮುಚ್ಚಿಟ್ಟು, ಮುಂದಿನ ಅಕ್ಷರ ಯಾವುದಿರಬಹುದು ಎಂದು ಒಬ್ಬರನ್ನು ಕೇಳುತ್ತ ಹೋಗುವುದು. ಪದಗಳ ನಡುವಿನ ಖಾಲಿ ಜಾಗವೂ ಸೇರಿ 129 ಅಕ್ಷರಗಳಿದ್ದ ಆ ತುಣುಕಿನಲ್ಲಿ 89 ಅಕ್ಷರಗಳನ್ನು ಮೊದಲ ಪ್ರಯತ್ನದಲ್ಲೇ ಸರಿಯಾಗಿ ಊಹಿಸಲು ಸಾಧ್ಯವಾಯಿತು. ನೋಡದೆಯೇ! ಭಾಷೆಯಲ್ಲಿ ಒಂದು ಅಕ್ಷರ ಅದರ ಅಕ್ಕಪಕ್ಕದವುಗಳ ಬಗ್ಗೆ ಅಷ್ಟೊಂದು ಹೇಳಿಬಿಡುತ್ತದೆ. ಇದನ್ನು ನಾವು ಹೆಚ್ಚುವರಿ ಸುಳಿವು ಎಂದು ಕರೆಯೋಣ. ಒಂದೇ ಸಂಗತಿಯನ್ನು ಎರಡು ಮೂರು ಕಡೆಯಿಂದ ತಿಳಿಯಬಹುದಾದ ಅನುಕೂಲ ಅದು. ಒಂದು ಕಡೆ ಮಸುಕಾದರೂ ಇನ್ನೊಂದು ಕಡೆಯಿಂದ ತುಂಬಿಕೊಳ್ಳಬಹುದು.

ಫೋಟೊ ಓದುವ ತಂತ್ರಾಂಶವೂ ಹೀಗೆಯೇ ನಡೆಯುತ್ತದೆ. ಲಕ್ಷಾಂತರ ಪುಟಗಳ ಮೇಲೆ ಪಳಗಿದ ಅದಕ್ಕೆ ಯಾವ ಅಕ್ಷರದ ಹಿಂದೆ ಯಾವುದು ಬರುವುದು ವಾಡಿಕೆ ಎಂಬುದು ರೂಢಿಯಾಗಿರುತ್ತದೆ. ಹಾಗಾಗಿ `Total` ಎಂಬ ಪದದಲ್ಲಿ ಒಂದು ಅಕ್ಷರ ಒಡೆದಿದ್ದರೂ ಅದು ದಾಟಿಕೊಂಡು ಹೋಗುತ್ತದೆ. ಅಂಕಿಗಳಲ್ಲಿ ಅಂಥ ಆಸರೆ ಇಲ್ಲ. 236.64 ಎಂಬುದರಲ್ಲಿ ಪ್ರತಿ ಅಂಕಿಯೂ ಒಂಟಿ. 6ರ ಹಿಂದೆ 4 ಬರಲೇಬೇಕೆಂದೇನೂ ಇಲ್ಲ. ಯಂತ್ರ ಅಲ್ಲಿ ಬರೀ ಕಣ್ಣನ್ನು ನಂಬಬೇಕು. ಇನ್ನೂ ಕೆಟ್ಟದ್ದೆಂದರೆ, ತಪ್ಪಾದ ಪದ ನಮ್ಮ ಕಣ್ಣಿಗೆ ಚುಚ್ಚುತ್ತದೆ, ತಪ್ಪಾದ ಅಂಕಿ ಚುಚ್ಚುವುದಿಲ್ಲ. 231.64 ಕೂಡ ನೋಡಲು ಅಷ್ಟೇ ಸಭ್ಯವಾದ ಸಂಖ್ಯೆ.

## ಕೆಂಪು ಬಣ್ಣ ಏನು ಹೇಳುತ್ತಿದೆ

ಯಂತ್ರ ಒಂದು ಆಕಾರವನ್ನು ನೋಡಿದಾಗ ‘ಇದು 8’ ಎಂದು ನೇರವಾಗಿ ತೀರ್ಮಾನಿಸುವುದಿಲ್ಲ. ಇದು 8 ಆಗಿರುವ ಸಂಭವ ಇಷ್ಟು, 3 ಆಗಿರುವುದು ಇಷ್ಟು, B ಆಗಿರುವುದು ಇಷ್ಟು ಎಂದು ಪ್ರತಿಯೊಂದಕ್ಕೂ ತೂಕ ಕೊಟ್ಟು, ಎಲ್ಲಕ್ಕಿಂತ ಭಾರವಾದದ್ದನ್ನು ಆರಿಸುತ್ತದೆ. ಗೆದ್ದದ್ದರ ತೂಕ ತೀರ ಕಡಿಮೆ ಇದ್ದರೆ ಅಥವಾ ಎರಡನೆಯದು ಬೆನ್ನಿಗೇ ಇದ್ದರೆ, ಆ ಸೆಲ್‌ಗೆ ಕೆಂಪು ಬಣ್ಣ. ಕೆಂಪು ಸೆಲ್ ‘ಇಲ್ಲಿ ತಪ್ಪಿದೆ’ ಎನ್ನುತ್ತಿಲ್ಲ, ‘ಇಲ್ಲಿ ನನಗೆ ಅನುಮಾನವಿದೆ’ ಎನ್ನುತ್ತಿದೆ. ಈ ಎರಡರ ನಡುವಿನ ಅಂತರದಲ್ಲೇ ಲೆಕ್ಕಗಳು ಕೆಡುವುದು.

ಉದಾಹರಣೆಗೆ ದಶಮಾಂಶದ ಚುಕ್ಕಿ ತೆಗೆದುಕೊಳ್ಳಿ. ಫೋಟೊದಲ್ಲಿ ಒಂದು ಅಂಕಿ 30 ಚುಕ್ಕೆಗಳಷ್ಟು ಎತ್ತರವಿದ್ದರೆ ದಶಮಾಂಶದ ಬಿಂದು ಮೂರು ನಾಲ್ಕು ಚುಕ್ಕೆಗಳಷ್ಟು ಅಗಲ, ಅಷ್ಟೇ. ಕಾಗದದ ಮೇಲಿನ ಧೂಳು, ಶಾಯಿಯ ಸಿಡಿತ, ಕ್ಯಾಮೆರಾದ ಕಾಳುಕಾಳು ಎಲ್ಲವೂ ಅದೇ ಗಾತ್ರದವು. ಓದುವ ಮೊದಲು ಚಿತ್ರವನ್ನು ಶುಚಿ ಮಾಡುವ ಹಂತದಲ್ಲಿ ಇಂಥ ಕಣಗಳನ್ನು ಗುಡಿಸಿ ಹಾಕಲಾಗುತ್ತದೆ. ಅದರ ಜೊತೆ 6.3ರ ಬಿಂದುವೂ ಹೋಯಿತೆನ್ನಿ. ಉಳಿದದ್ದು 63. ಅದರಲ್ಲಿ 6 ಸ್ಪಷ್ಟವಾಗಿದೆ, 3 ಸ್ಪಷ್ಟವಾಗಿದೆ. ಯಂತ್ರಕ್ಕೆ ಅನುಮಾನಪಡಲು ಏನೂ ಉಳಿದಿಲ್ಲ. ತಾನು ಕಂಡದ್ದರ ಬಗ್ಗೆ ಅದಕ್ಕೆ ಪೂರ್ಣ ಭರವಸೆ. ಕಾಣದೇ ಹೋದದ್ದರ ಬಗ್ಗೆ ಅದು ಏನು ತಾನೇ ಹೇಳೀತು?

ಕಾಲಂಗಳ ವಿಷಯವೂ ಹೀಗೆಯೇ. ಗೆರೆ ಎಳೆದ ಕೋಷ್ಟಕವಾದರೆ ಯಂತ್ರ ಗೆರೆಗಳನ್ನು ಹಿಡಿದು ಸೆಲ್‌ಗಳನ್ನು ಬಿಡಿಸುತ್ತದೆ. ಗೆರೆ ಇಲ್ಲದ ಚೀಟಿಯಲ್ಲಿ ಮೇಲಿಂದ ಕೆಳಗೆ ಹರಿಯುವ ಖಾಲಿ ಬಿಳಿ ಓಣಿಗಳನ್ನು ಹುಡುಕುತ್ತದೆ. ಎರಡು ಕಾಲಂಗಳ ನಡುವಿನ ಓಣಿ ಕಿರಿದಾಗಿದ್ದರೆ, ಇಲ್ಲವೇ ಫೋಟೊ ಓರೆಯಾಗಿ ಓಣಿ ವಾಲಿದ್ದರೆ, ಎರಡು ಸಂಖ್ಯೆಗಳು ಒಂದೇ ಸೆಲ್‌ನೊಳಗೆ ಹೊಕ್ಕುಬಿಡುತ್ತವೆ.

ಹಾಗಾಗಿ ಫೋಟೊ ತೆಗೆಯುವಾಗಿನ ಕಾಳಜಿ ಅರ್ಧ ಕೆಲಸವನ್ನು ಮುಗಿಸುತ್ತದೆ. ಕಾಗದ ಮಟ್ಟಸವಾಗಿ ಹಾಸಿರಬೇಕು, ಫೋನು ಅದಕ್ಕೆ ಸಮನಾಗಿ ಮೇಲಿರಬೇಕು, ಬೆಳಕು ಪಕ್ಕದಿಂದ ಬಂದು ಫೋನಿನ ನೆರಳು ಬೀಳದಂತಿರಬೇಕು. ಕೋಷ್ಟಕವನ್ನು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಮೊಹರು, ಸಹಿ, ಸಂಘದ ಹೆಸರು ಯಾವುದೂ ಚೌಕಟ್ಟಿನೊಳಗೆ ಬೇಡ. ನಮಗೆ ಇನ್ನೊಂದು ಕಾರಣವೂ ಇದೆ. ಮೈಕ್ರೋಸಾಫ್ಟ್ ಈ ಸೌಲಭ್ಯಕ್ಕೆ ಕೊಟ್ಟಿರುವ ಭಾಷೆಗಳ ಪಟ್ಟಿಯಲ್ಲಿರುವುದು ಇಂಗ್ಲಿಷ್ ಮತ್ತು ಬಹುಪಾಲು ಯುರೋಪಿನ ಭಾಷೆಗಳು, ಕನ್ನಡ ಅದರಲ್ಲಿಲ್ಲ. ‘ದಿನಾಂಕ’, ‘ಲೀಟರ್’, ‘ಮೊತ್ತ’ ಎಂಬ ತಲೆಬರಹಗಳನ್ನು ಒಳಗೆ ಬಿಟ್ಟರೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಹೊರಬರುತ್ತವೆ, ಕೆಲವೊಮ್ಮೆ ಕಾಲಂಗಳನ್ನೂ ಕದಡುತ್ತವೆ. ತಲೆಬರಹ ಕತ್ತರಿಸಿ, ಆಮೇಲೆ ಕೈಯಲ್ಲೇ ಟೈಪ್ ಮಾಡುವುದು ಸುಲಭ. ಕೈಬರಹದ ಪುಸ್ತಕವನ್ನಂತೂ ಇದಕ್ಕೆ ಕೊಡಲೇಬೇಡಿ. ಇದು ಅಚ್ಚಾದ ಕೋಷ್ಟಕಗಳಿಗಾಗಿ ಮಾಡಿದ್ದು.

## ಒಂದು ಹಾಲಿನ ಚೀಟಿ

ಈಗ ಒಂದು ಚೀಟಿಯನ್ನು ಕಟ್ಟಿಕೊಂಡು ಕೊನೆಯವರೆಗೂ ನೋಡೋಣ. ಹಾಲು ಉತ್ಪಾದಕರ ಸಂಘದಲ್ಲಿ ಚಿಕ್ಕ ಯಂತ್ರದಿಂದ ಅಚ್ಚಾಗಿ ಬರುವಂಥ ಚೀಟಿ, ಒಬ್ಬ ರೈತರ ಒಂದು ವಾರದ ಬೆಳಗಿನ ಹಾಲಿನದು. ಲೀಟರು, ಫ್ಯಾಟು, ಲೀಟರಿನ ದರ, ಮೊತ್ತ ಇವು ಕಾಲಂಗಳು. ಎಸ್‌ಎನ್‌ಎಫ್ ಎಲ್ಲ ದಿನವೂ 8.5 ಎಂದು ಇಟ್ಟುಕೊಂಡು ಅದನ್ನು ಬಿಟ್ಟಿದ್ದೇನೆ. ಇಂಥ ಚೀಟಿಗಳು ಸಾಮಾನ್ಯವಾಗಿ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದದ ಮೇಲಿರುತ್ತವೆ. ಅದರಲ್ಲಿ ಶಾಯಿಯೇ ಇಲ್ಲ, ಕಾಗದದ ಲೇಪವೇ ಬಿಸಿಗೆ ಬಣ್ಣ ತಿರುಗಿ ಅಕ್ಷರವಾಗುತ್ತದೆ. ಅಂಗಿಯ ಜೇಬಿನಲ್ಲಿ, ಬಿಸಿಲಿನಲ್ಲಿ ಇಟ್ಟಷ್ಟೂ ಮಾಸುತ್ತದೆ. ಹೀಗೆ ಮಾಸಿದ 8ರ ಎಡಬದಿ ತೆರೆದುಕೊಂಡರೆ ಅದು 3. ಮಾಸಿದ 7ರ ನೆತ್ತಿಯ ಗೆರೆ ಹೋದರೆ ಅದು 1.

ಯಂತ್ರ ಈ ಚೀಟಿಯನ್ನು ಹೀಗೆ ಓದಿತು ಎಂದುಕೊಳ್ಳಿ. ಮೊದಲ ಸಾಲಿನ ತಲೆಬರಹ ನಾವೇ ಟೈಪ್ ಮಾಡಿದ್ದು.

```
Date        Litre  Fat        Rate   Amount
09/06/2025  6.5    4.1        34.20  222.30
10/06/2025  6.8    4.0        33.90  23O.52
11/06/2025  7.1    4.2 34.50         244.95
12/06/2025  63     4.1        34.20  215.46
13/06/2025  7.0    4.0        33.90  237.30
14/06/2025  6.3    4.3        34.80  236.64
15/06/2025  6.6    4.1        34.20  225.12
Total       47.1                     1612.89
```

ಇದರಲ್ಲಿ ಐದು ತಪ್ಪುಗಳಿವೆ. 23O.52 ಎಂಬಲ್ಲಿ ಸೊನ್ನೆಯೋ O ಅಕ್ಷರವೋ ಎಂಬ ತೂಗಾಟ ನಡೆದಿರುವುದರಿಂದ ಅದು ಕೆಂಪಾಗುವ ಸಂಭವ ಹೆಚ್ಚು. ಅದನ್ನು ಅಲ್ಲೇ ತಿದ್ದಬಹುದು. ನಾವು ಮಾತ್ರ ತಿದ್ದದೆ ಮುಂದಕ್ಕೆ ಹೋಗೋಣ, ಗಡಿಬಿಡಿಯಲ್ಲಿ `Insert Data` ಒತ್ತಿದವರ ಹಾಗೆ. ಆಗ ಏನಾಗುತ್ತದೆ ಎಂಬುದೂ ತಿಳಿಯಲಿ.

ಮೊದಲ ಪರೀಕ್ಷೆ ತೀರ ಅಗ್ಗದ್ದು. ಎಕ್ಸೆಲ್ ಸಂಖ್ಯೆಗಳನ್ನು ಸೆಲ್‌ನ ಬಲಕ್ಕೆ, ಪದಗಳನ್ನು ಎಡಕ್ಕೆ ತಳ್ಳುತ್ತದೆ. ಮೊತ್ತದ ಕಾಲಂನಲ್ಲಿ 23O.52 ಒಂದು ಮಾತ್ರ ಎಡಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ. ನೂರಾರು ಸಾಲುಗಳಿದ್ದಾಗ ಕಣ್ಣಿನ ಬದಲು ಸೂತ್ರವನ್ನೇ ಕೇಳಬಹುದು:

```
=COUNTA(E2:E8)-COUNT(E2:E8)
```

ಮೊದಲಿನದು ತುಂಬಿದ ಸೆಲ್‌ಗಳನ್ನು ಎಣಿಸುತ್ತದೆ, ಎರಡನೆಯದು ಸಂಖ್ಯೆಗಳನ್ನು ಮಾತ್ರ. ಉತ್ತರ 1 ಬಂದರೆ ಒಂದು ಸೆಲ್ ಸಂಖ್ಯೆಯ ವೇಷದ ಪದ ಎಂದರ್ಥ. ಇದು ಮುಖ್ಯ ಏಕೆಂದರೆ `SUM` ಅಂಥ ಸೆಲ್ ಕಂಡರೆ ತಕರಾರು ಮಾಡುವುದಿಲ್ಲ, ಸದ್ದಿಲ್ಲದೆ ದಾಟಿ ಹೋಗುತ್ತದೆ. 230 ರೂಪಾಯಿ ಮೊತ್ತದಿಂದಲೇ ಮಾಯ. ತಿದ್ದಲು E2ರಿಂದ E8ರ ತನಕ ಮಾತ್ರ ಆರಿಸಿಕೊಂಡು `Ctrl+H` ಒತ್ತಿ, O ಬದಲು 0 ಹಾಕಿಸಿ. ಸೆಲ್ ತಾನಾಗಿ ಸಂಖ್ಯೆಯಾಗಿ ಬಲಕ್ಕೆ ಸರಿಯುತ್ತದೆ. ಇಡೀ ಶೀಟನ್ನು ಆರಿಸಿಕೊಂಡು ಹೀಗೆ ಮಾಡಿದರೆ ಕೆಳಗಿನ Total ಕೂಡ ಸೊನ್ನೆ ತುಂಬಿಕೊಂಡು T0tal ಆಗುತ್ತದೆ. ಕಚೇರಿಗಳ ಶೀಟುಗಳಲ್ಲಿ ಇಂಥ ಪದಗಳನ್ನು ನೀವೂ ಕಂಡಿರಬಹುದು.

## ಚೀಟಿಯೊಳಗೇ ಇರುವ ಸಾಕ್ಷಿ

ಇನ್ನುಳಿದ ನಾಲ್ಕು ತಪ್ಪುಗಳನ್ನು ಹಿಡಿಯುವುದು ಹೇಗೆ? ಚೀಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸೆಲ್ ಓದಬಹುದು. ಆದರೆ ಹಾಗೆ ಓದುವುದಾದರೆ ಟೈಪೇ ಮಾಡಬಹುದಿತ್ತು. ಮೇಲಾಗಿ ನಮ್ಮ ಕಣ್ಣೂ ಹತ್ತನೆಯ ಸಾಲಿಗೆ ದಣಿದು, ಇರಬೇಕಾದದ್ದನ್ನೇ ಕಾಣತೊಡಗುತ್ತದೆ.

ಇಲ್ಲಿ ಬಸ್ಸಿನ ಬೋರ್ಡಿನ ಪಾಠ ಕೆಲಸಕ್ಕೆ ಬರುತ್ತದೆ. ಅಂಕಿಯಲ್ಲಿ ಹೆಚ್ಚುವರಿ ಸುಳಿವು ಇಲ್ಲ, ನಿಜ. ಆದರೆ ಲೆಕ್ಕದ ಕೋಷ್ಟಕದಲ್ಲಿ ಇದೆ. ಲೀಟರನ್ನು ದರದಿಂದ ಗುಣಿಸಿದರೆ ಮೊತ್ತ ಬರಬೇಕು. ಆ ಮೂರು ಸಂಖ್ಯೆಗಳಲ್ಲಿ ಯಾವ ಎರಡು ಗೊತ್ತಿದ್ದರೂ ಮೂರನೆಯದು ತಿಳಿಯುತ್ತದೆ. ಅಂದರೆ ಚೀಟಿ ಒಂದೇ ಮಾತನ್ನು ಎರಡು ಸಲ ಹೇಳಿದೆ. ಕೆಳಗಿನ ಒಟ್ಟು ಸಾಲು ಅದನ್ನು ಮೂರನೆಯ ಸಲ ಹೇಳುತ್ತದೆ. ಓದುವ ಯಂತ್ರ ಈ ಸುಳಿವನ್ನು ಬಳಸುವುದಿಲ್ಲ. ಅದಕ್ಕೆ ಇದು ಹಾಲಿನ ಚೀಟಿ ಎಂಬುದೇ ಗೊತ್ತಿಲ್ಲ, ಯಾವ ಕಾಲಂ ಯಾವುದರ ಗುಣಲಬ್ಧ ಎಂಬುದಂತೂ ದೂರ. ನಮಗೆ ಗೊತ್ತು. G2ರಲ್ಲಿ ಇದನ್ನು ಬರೆದು G8ರ ತನಕ ಎಳೆಯಿರಿ:

```
=ROUND(B2*D2-E2,2)
```

ಎಲ್ಲ ಸರಿಯಿದ್ದ ಸಾಲಿನಲ್ಲಿ ಉತ್ತರ 0. ಸಂಘದ ಯಂತ್ರ ಪೈಸೆಯನ್ನು ಬೇರೆ ರೀತಿ ಕೂಡಿಸಿ ಕಳೆದಿದ್ದರೆ 0.01ರಷ್ಟು ಅತ್ತಿತ್ತ ಆಗಬಹುದು, ಅದನ್ನು ಬಿಡಿ. ನಮ್ಮ ಶೀಟಿನಲ್ಲಿ O ತಿದ್ದಿದ ಮೇಲೆ 9, 10 ಮತ್ತು 13ನೇ ತಾರೀಖಿನ ಸಾಲುಗಳು ಸೊನ್ನೆ ತೋರಿಸುತ್ತವೆ. ಉಳಿದ ನಾಲ್ಕು ಸಾಲುಗಳು ತೋರಿಸುವ ಸಂಖ್ಯೆಗಳನ್ನು ಒಂದೊಂದಾಗಿ ನೋಡೋಣ. ತಪ್ಪಿದೆ ಎಂಬುದರ ಜೊತೆಗೆ ಯಾವ ಬಗೆಯ ತಪ್ಪು ಎಂಬುದನ್ನೂ ಅವು ಹೇಳುತ್ತವೆ.

11ನೇ ತಾರೀಖಿನಲ್ಲಿ −244.95. ಅದು ಆ ಸಾಲಿನ ಪೂರ್ತಿ ಮೊತ್ತ, ಮುಂದೆ ಕಳೆಯುವ ಚಿಹ್ನೆ ಅಷ್ಟೇ. ಗುಣಲಬ್ಧ ಸೊನ್ನೆಯಾದರೆ ಮಾತ್ರ ಹಾಗೆ ಬರುತ್ತದೆ, ಎಂದರೆ ಲೀಟರೋ ದರವೋ ಖಾಲಿ. ನೋಡಿದರೆ ದರದ ಸೆಲ್ ಖಾಲಿ, ಅದರೊಳಗಿನದು ಫ್ಯಾಟಿನ ಸೆಲ್‌ಗೆ ನುಗ್ಗಿ ‘4.2 34.50’ ಆಗಿ ಕೂತಿದೆ. ಬಿಡಿಸಿ ಬರೆದರಾಯಿತು.

12ನೇ ತಾರೀಖಿನಲ್ಲಿ 1939.14. ಇದನ್ನು 9ರಿಂದ ಭಾಗಿಸಿ. 215.46 ಬರುತ್ತದೆ, ಅದು ಆ ದಿನದ ಮೊತ್ತವೇ. ಒಂದು ಸಂಖ್ಯೆಯ ದಶಮಾಂಶದ ಚುಕ್ಕಿ ಒಂದು ಮನೆ ಸರಿದರೆ ಸಂಖ್ಯೆ ಹತ್ತು ಪಟ್ಟಾಗುತ್ತದೆ, ಹತ್ತರಲ್ಲಿ ನಿಜವಾದ ಒಂದನ್ನು ಕಳೆದರೆ ಹೆಚ್ಚಾದದ್ದು ಒಂಬತ್ತು ಪಟ್ಟು. ಎರಡು ಮನೆ ಸರಿದಿದ್ದರೆ 99 ಪಟ್ಟು. ಹಳೆಯ ಲೆಕ್ಕಿಗರು ತಾಳೆಯಾಗದ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದುದು ಈ ಕಾರಣಕ್ಕೇ. ಇಲ್ಲಿ 6.3 ಲೀಟರು 63 ಆಗಿದೆ.

14ರಲ್ಲಿ −17.40. ದರ 34.80, ಅದರ ಸರಿಯಾಗಿ ಅರ್ಧ 17.40. ಅಂದರೆ ಲೀಟರು ಅರ್ಧ ಲೀಟರಷ್ಟು ಕಡಿಮೆ ಓದಲ್ಪಟ್ಟಿದೆ, ದಶಮಾಂಶದ ಜಾಗದಲ್ಲಿ 5ರ ಕೊರತೆ. ಶೀಟಿನಲ್ಲಿ ಆ ಜಾಗದಲ್ಲಿರುವುದು 3. ಮೂರಕ್ಕೆ ಐದು ಕೂಡಿಸಿದರೆ ಎಂಟು. ಮಾಸಿದ ಎಂಟು ಮೂರಾಗುತ್ತದೆ ಎಂದು ಆಗಲೇ ನೋಡಿದ್ದೇವೆ. ಚೀಟಿಯನ್ನು ಮತ್ತೆ ನೋಡಿದರೆ 6.8. ಈ ತಪ್ಪು ಕೆಂಪಾಗಿರಲಿಲ್ಲ, ಎಡಕ್ಕೂ ಸರಿದಿರಲಿಲ್ಲ, ಕಣ್ಣಿಗೂ ಚುಚ್ಚುತ್ತಿರಲಿಲ್ಲ. 6.3 ಲೀಟರು ಯಾವ ದಿನವಾದರೂ ಬರಬಹುದಾದ ಹಾಲು.

15ರಲ್ಲಿ 0.60. ಈ ಸಲ ಮೊತ್ತವೇ 60 ಪೈಸೆ ಕಡಿಮೆ. ಒಂದಕ್ಕೆ ಆರು ಕೂಡಿಸಿದರೆ ಏಳು, 225.12 ಅಲ್ಲ 225.72.

ಒಂದನ್ನೊಂದು ಹೋಲುವ ಅಂಕಿಗಳ ಜೋಡಿಗಳು ಬೆರಳೆಣಿಕೆಯಷ್ಟು, ಹಾಗಾಗಿ ವ್ಯತ್ಯಾಸಗಳೂ ಬೆರಳೆಣಿಕೆಯಷ್ಟೇ. 3 ಮತ್ತು 8, 4 ಮತ್ತು 9 ಅದಲುಬದಲಾದರೆ 5. 1 ಮತ್ತು 7, 0 ಮತ್ತು 6 ಆದರೆ 6. 5 ಮತ್ತು 6 ಆದರೆ 1. 0 ಮತ್ತು 8 ಆದರೆ 8. ವ್ಯತ್ಯಾಸದಲ್ಲಿ ಸೊನ್ನೆ ಬಿಟ್ಟು ಒಂದೇ ಅಂಕಿ ಉಳಿದಿದ್ದರೆ, ಅಂದರೆ 0.50, 6, 80, 500 ಇಂಥವಾಗಿದ್ದರೆ, ಒಂದು ಅಂಕಿ ಮಾತ್ರ ತಪ್ಪಾಗಿದೆ ಎಂದು ತಿಳಿದು ನೇರವಾಗಿ ಆ ಸ್ಥಾನವನ್ನೇ ಹುಡುಕಬಹುದು.

## ಸಾಲು ಸರಿ, ಒಟ್ಟು ತಪ್ಪು

ಸಾಲುಗಳೆಲ್ಲ ಸೊನ್ನೆಯಾದ ಮೇಲೂ ಒಟ್ಟು ನೋಡಲೇಬೇಕು. ನಾವು ಕೂಡಿದ್ದರಿಂದ ಚೀಟಿಯಲ್ಲಿ ಅಚ್ಚಾದ ಒಟ್ಟನ್ನು ಕಳೆಯಬೇಕು:

```
=ROUND(SUM(E2:E8)-E9,2)
```

ನಮ್ಮ ಚೀಟಿಯಲ್ಲಿ ಇದು ಈಗ 0, ಲೀಟರಿನ ಕಾಲಂನಲ್ಲೂ 47.1 ಸರಿಹೊಂದುತ್ತದೆ. ಹಾಗಾದರೆ ಈ ಎರಡನೆಯ ಪರೀಕ್ಷೆ ಏಕೆ? ಸಾಲಿನ ಪರೀಕ್ಷೆಗೆ ಸಿಗದ ತಪ್ಪೊಂದಿದೆ. ಒಂದು ಸಾಲು ತೀರ ಮಾಸಿದ್ದರೆ ಅಥವಾ ಕಾಗದದ ಮಡಿಕೆಯಲ್ಲಿ ಬಿದ್ದಿದ್ದರೆ ಯಂತ್ರ ಅದನ್ನು ಪೂರ್ತಿ ಬಿಟ್ಟೇ ಬಿಡಬಹುದು. ಇರುವ ಸಾಲುಗಳೆಲ್ಲ ಸರಿಯಾಗಿಯೇ ಇರುತ್ತವೆ, ಇಲ್ಲದ ಸಾಲಿನ ಎದುರು ಸೂತ್ರವೂ ಇರುವುದಿಲ್ಲ. ಆಗ ಒಟ್ಟಿನ ವ್ಯತ್ಯಾಸ ಒಂದು ದಿನದ ಮೊತ್ತದಷ್ಟು, ಇನ್ನೂರು ಚಿಲ್ಲರೆ ರೂಪಾಯಿ ಇರುತ್ತದೆ. ಅಷ್ಟು ಕಂಡರೆ ಅಂಕಿಗಳನ್ನು ಬಿಟ್ಟು ತಾರೀಖುಗಳನ್ನು ಎಣಿಸಿ.

ಫ್ಯಾಟಿನ ಕಾಲಂ ಈ ಎರಡೂ ಬಲೆಗಳಿಗೆ ಬೀಳದು, ಅದು ಗುಣಾಕಾರದಲ್ಲಿ ಇಲ್ಲ, ಒಟ್ಟಿನಲ್ಲೂ ಇಲ್ಲ. ಆದರೆ ಇಲ್ಲೂ ಒಂದು ನಂಟು ಉಂಟು. ಎಸ್‌ಎನ್‌ಎಫ್ ಒಂದೇ ಆಗಿದ್ದಾಗ ಫ್ಯಾಟು ಒಂದೇ ಆದರೆ ದರವೂ ಒಂದೇ ಆಗಬೇಕು. ನಮ್ಮ ಚೀಟಿಯಲ್ಲಿ 4.0ಕ್ಕೆ 33.90, 4.1ಕ್ಕೆ 34.20, 4.2ಕ್ಕೆ 34.50, 4.3ಕ್ಕೆ 34.80. ಶೀಟಿನ ಇನ್ನೊಂದು ಪ್ರತಿಯಲ್ಲಿ ಫ್ಯಾಟಿನ ಪ್ರಕಾರ ಸಾಲುಗಳನ್ನು ಜೋಡಿಸಿದರೆ ದರಗಳೂ ಮೆಟ್ಟಿಲಿನಂತೆ ಏರಬೇಕು. ಎಲ್ಲಾದರೂ ಮೆಟ್ಟಿಲು ಮುರಿದರೆ ಅಲ್ಲಿ ಫ್ಯಾಟು ತಪ್ಪು.

## ತಾರೀಖು ತರುವ ಕಷ್ಟ

ತಾರೀಖಿನ ಕಾಲಂನಲ್ಲಿ ಓದುವ ಯಂತ್ರ ತಪ್ಪದಿದ್ದರೂ ಎಕ್ಸೆಲ್ ತಪ್ಪಬಹುದು. ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದು ಇದ್ದರೆ 09/06/2025 ಎಂಬುದು ಅದರ ಪಾಲಿಗೆ ಸೆಪ್ಟೆಂಬರ್ 6. 12ನೇ ತಾರೀಖಿನ ತನಕ ಹೀಗೆ ನಡೆದು, 13ಕ್ಕೆ ಬಂದಾಗ ಅದು ಕೈಚೆಲ್ಲುತ್ತದೆ, 13ನೇ ತಿಂಗಳು ಇಲ್ಲವಲ್ಲ. ಆದ್ದರಿಂದ 9ರಿಂದ 12ರ ತನಕ ಬಲಕ್ಕೆ, 13ರಿಂದ ಎಡಕ್ಕೆ ಅಂಟಿದ ತಾರೀಖುಗಳು ಕಂಡರೆ ಎಡಕ್ಕಿರುವುದನ್ನು ತಿದ್ದಲು ಹೋಗಬೇಡಿ. ಎಡಕ್ಕಿರುವುದೇ ಸಾಚಾ, ಬಲಕ್ಕಿರುವುದು ಕೆಟ್ಟಿದೆ.

ಒಳ್ಳೆಯ ಉಪಾಯವೆಂದರೆ ಚಿತ್ರ ತುಂಬಿಸುವ ಮೊದಲೇ ವಿಂಡೋಸ್‌ನ ಪ್ರದೇಶವನ್ನು `English (India)` ಎಂದು ಬದಲಿಸುವುದು. ಆಗಲೇ ಕೆಟ್ಟಿದ್ದರೆ, ಬಲಕ್ಕಿರುವವುಗಳನ್ನು ಹೀಗೆ ತಿರುಗಿಸಬಹುದು:

```
=DATE(YEAR(A2),DAY(A2),MONTH(A2))
```

ಒಂದು ವಾರದ ಚೀಟಿಗೆ ಇಷ್ಟೆಲ್ಲ ಬೇಡ. ಮೊದಲ ತಾರೀಖನ್ನು ಸರಿಯಾಗಿ ಟೈಪ್ ಮಾಡಿ ಕೆಳಗೆ ಎಳೆದರೆ ಮುಗಿಯಿತು.

## ಸಾಕ್ಷಿಯೇ ಇಲ್ಲದ ಸಂಖ್ಯೆಗಳು

ಇದುವರೆಗಿನ ಉಪಾಯಗಳೆಲ್ಲ ಲೆಕ್ಕದ ಸಂಖ್ಯೆಗಳಿಗೆ. ರೈತರ ಪಟ್ಟಿಯಲ್ಲಿರುವ ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಇವುಗಳನ್ನು ಕೂಡುವುದೂ ಇಲ್ಲ, ಗುಣಿಸುವುದೂ ಇಲ್ಲ. ಕೆಲವು ಸಂಖ್ಯೆಗಳನ್ನು ರೂಪಿಸಿದವರು ಈ ತೊಂದರೆಯನ್ನು ಮುಂಚೆಯೇ ಕಂಡು, ಬೇಕೆಂದೇ ಸುಳಿವನ್ನು ತುರುಕಿಟ್ಟಿದ್ದಾರೆ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ಹಿಂದಿನ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು, ಯಾವುದೇ ಒಂದು ಅಂಕಿ ತಪ್ಪಿದರೂ ಅದು ತಾಳೆಯಾಗದು. ಪ್ಯಾನ್ ಸಂಖ್ಯೆಯಲ್ಲಿ ಮೊದಲ ಐದು ಅಕ್ಷರಗಳು, ನಂತರ ನಾಲ್ಕು ಅಂಕಿಗಳು, ಕೊನೆಗೊಂದು ಅಕ್ಷರ. ಅಲ್ಲಿ O ಕಂಡರೆ ಯಾವ ಸ್ಥಾನದಲ್ಲಿದೆ ಎಂಬುದೇ ಅದು ಅಕ್ಷರವೋ ಸೊನ್ನೆಯೋ ಎಂದು ಹೇಳುತ್ತದೆ. ಬ್ಯಾಂಕುಗಳ ಐಎಫ್‌ಎಸ್‌ಸಿಯಲ್ಲಿ 11 ಗುರುತುಗಳು, ಐದನೆಯದು ಯಾವಾಗಲೂ ಸೊನ್ನೆ. ಚಿತ್ರದಿಂದ ಬಂದ ಐಎಫ್‌ಎಸ್‌ಸಿ ಕಾಲಂ ಅನ್ನು ಹೀಗೆ ಜರಡಿ ಹಿಡಿಯಬಹುದು:

```
=AND(LEN(A2)=11,MID(A2,5,1)="0")
```

`FALSE` ಬಂದ ಸಾಲುಗಳಲ್ಲಿ ಹೆಚ್ಚಾಗಿ O ಕೂತಿರುತ್ತದೆ.

ಖಾತೆ ಸಂಖ್ಯೆಗೆ ಇಂಥ ಆಸರೆಯೂ ಇಲ್ಲ. ಅದಕ್ಕೆ ಮಾಡಬಹುದಾದದ್ದು ಎರಡು ಸಲ ಓದಿಸುವುದು. ಬೆಳಕಿನ ದಿಕ್ಕು ಬದಲಿಸಿ ಇನ್ನೊಂದು ಫೋಟೊ ತೆಗೆದು, ಬೇರೆ ಶೀಟಿಗೆ ತುಂಬಿಸಿ, ಎರಡನ್ನೂ `EXACT` ಸೂತ್ರದಿಂದ ಹೋಲಿಸಿ ನೋಡಿ. ಹೊಳಪಿನಿಂದಲೋ ನೆರಳಿನಿಂದಲೋ ಆದ ತಪ್ಪು ಎರಡು ಓದಿನಲ್ಲೂ ಒಂದೇ ಕಡೆ ಬರುವುದು ಅಪರೂಪ, ಹಾಗಾಗಿ ಸಿಕ್ಕಿಬೀಳುತ್ತದೆ. ಆದರೆ ಕಾಗದದಲ್ಲೇ ಮಾಸಿಹೋದ ಅಂಕಿ ಎರಡು ಸಲವೂ ಒಂದೇ ರೀತಿ ತಪ್ಪಾಗಿ ಓದಲ್ಪಡುತ್ತದೆ, ಎರಡು ಶೀಟುಗಳೂ ಒಮ್ಮತದಿಂದ ಸುಳ್ಳು ಹೇಳುತ್ತವೆ. ಸಾಲದ್ದಕ್ಕೆ ಎಕ್ಸೆಲ್‌ನ ಮಿತಿ ಬೇರೆ. ಅದು ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಸಂಖ್ಯೆಯಾಗಿಯೇ ಒಳಗೆ ಹೋದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಮುಂದೆ ಸೊನ್ನೆ ಇದ್ದ ಖಾತೆಯಾದರೆ ಆ ಸೊನ್ನೆ ಬಿದ್ದುಹೋಗುತ್ತದೆ. ಆಮೇಲೆ ಸೆಲ್‌ನ ರೂಪ ಬದಲಿಸಿದರೂ ಕಳೆದ ಅಂಕಿ ಹಿಂತಿರುಗದು. ಹಾಗಾಗಿ ಖಾತೆ ಸಂಖ್ಯೆಯ ಕಾಲಂ ಅನ್ನು ಫೋಟೊದಿಂದ ಕತ್ತರಿಸಿ ಹೊರಗಿಟ್ಟು, ಶೀಟಿನಲ್ಲಿ ಆ ಕಾಲಂಗೆ ಮೊದಲೇ `Text` ರೂಪ ಕೊಟ್ಟು, ಪಾಸ್‌ಬುಕ್ ಎದುರಿಗಿಟ್ಟುಕೊಂಡು ಒಬ್ಬರು ಓದಿ ಇನ್ನೊಬ್ಬರು ಟೈಪ್ ಮಾಡುವುದೇ ಸರಿ.